ನೀರು ತಿಳಿಯಾಗುವ ತನಕ

ನಮ್ಮ ಅಂಗಳದ ಮೋರಿಯಲ್ಲಿ ಗುಲಾಬಿ ಬಣ್ಣದ ನೀರು ಹರಿಯುವ ದಿನ ಚಿಕ್ಕಪ್ಪ ಗೇಟು ಮುಚ್ಚುತ್ತಿದ್ದರು. ಬರೀ ಮುಚ್ಚುವುದಲ್ಲ, ಒಳಗಿನಿಂದ ಅಗುಳಿ ಹಾಕಿ ಅದರ ಮೇಲೊಂದು ಗೋಣಿಚೀಲವನ್ನೂ ಇಳಿಬಿಡುತ್ತಿದ್ದರು. ಮೋರಿ ಗೇಟಿನ ಅಡಿಯಿಂದಲೇ ಹಾದು ಬೀದಿಗೆ ಸೇರುತ್ತದೆ. ಗೋಣಿಚೀಲಕ್ಕೆ ನೀರನ್ನು ತಡೆಯುವ ಶಕ್ತಿಯೇನೂ ಇರಲಿಲ್ಲ. ಆದರೂ ಚಿಕ್ಕಪ್ಪನ ಮನಸ್ಸಿಗೆ ಅದೊಂದು ಸಮಾಧಾನ.

“ನೋಡ್ದೋರು ಏನಂತಾರೆ? ಬಣ್ಣದ ಮನೆಯವರ ಬಣ್ಣವೇ ಮೋರಿ ಪಾಲಾಯ್ತು ಅಂತಾರೆ.”

“ಅನ್ಲಿ ಬಿಡೋ. ಅಂದೋರ ಬಾಯಿಗೆ ಪಟಿಕ ಹಾಕಿದ್ರೆ ತಾನಾಗೇ ಮುಚ್ಚತ್ತೆ,” ಎನ್ನುತ್ತಿದ್ದರು ಅತ್ತೆ.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಬಟ್ಟೆಗೆ ಬಣ್ಣ ಹಾಕುವ ಈ ಅಂಗಳ ಅವರದು. ಚಿಕ್ಕಪ್ಪ ಅವರ ಕಿರಿಯ ತಮ್ಮ. ಹಂಡೆ, ಒಲೆ, ಬೇರು, ಕಾಯಿ ಅತ್ತೆಯ ಪಾಲು. ಗಿರಾಕಿ, ಫೋನು, ಮಾತುಕತೆ ಚಿಕ್ಕಪ್ಪನ ಪಾಲು. ನಾನು ಡಿಗ್ರಿ ಮುಗಿಸಿ ಕೆಲಸ ಹುಡುಕುವ ನೆಪದಲ್ಲಿ ಬಂದವಳು, ಅಲ್ಲೇ ಉಳಿದೆ. ಅಲ್ಲಿ ಹೆಚ್ಚು ಮಾತಾಡಬೇಕಾಗಿರಲಿಲ್ಲ. ಬಟ್ಟೆ ಯಾರನ್ನೂ ‘ಮುಂದೇನು ಮಾಡಬೇಕು ಅಂತಿದ್ದೀಯಾ’ ಎಂದು ಕೇಳುವುದಿಲ್ಲ.

ಆ ಗುಲಾಬಿ ನೀರು ಏನೆಂದರೆ, ಬೀಟ್ರೂಟು. ನಮ್ಮ ಕೆಂಪು ಬರುವುದು ಮಂಜಿಷ್ಠದ ಬೇರಿನಿಂದ. ಆದರೆ ಬೇರಿನ ರಸಕ್ಕೆ ಹತ್ತಿಬಟ್ಟೆಯ ಮೇಲೆ ಸ್ವಂತ ಬಲದಿಂದ ನಿಲ್ಲುವ ತಾಕತ್ತಿಲ್ಲ. ಪಟಿಕ ಇದ್ದಲ್ಲಿ ಮಾತ್ರ ಅದು ಕೆಂಪಾಗಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ನಾವು ಅಚ್ಚಿನಿಂದ ಬಟ್ಟೆಯ ಮೇಲೆ ಒತ್ತುವುದು ಬಣ್ಣವನ್ನಲ್ಲ, ಗೋಂದಿನಲ್ಲಿ ಕಲಸಿದ ಪಟಿಕವನ್ನು. ಪಟಿಕಕ್ಕೆ ಬಣ್ಣವಿಲ್ಲ. ಎಲೆ ಎಲ್ಲಿ ಒತ್ತಿದೆವು, ಬಳ್ಳಿ ಎಲ್ಲಿಗೆ ಬಂತು ಎಂದು ಒತ್ತುವ ಕೈಗೇ ಕಾಣದು. ಅದಕ್ಕೆ ಕಣ್ಣಿಗೊಂದು ಗುರುತಿರಲೆಂದು ಬೀಟ್ರೂಟಿನ ರಸ ಸೇರಿಸುತ್ತೇವೆ. ಬೀಟ್ರೂಟಿನಷ್ಟು ಆಡಂಬರದ ಬಣ್ಣ ಇನ್ನೊಂದಿಲ್ಲ, ಅದರಷ್ಟು ನಿಲ್ಲದ ಬಣ್ಣವೂ ಇಲ್ಲ. ಕೆಲಸ ಮುಗಿಸಿ ನೀರಿನಲ್ಲಿ ಜಾಲಾಡಿದರೆ ಹೇಳದೆ ಕೇಳದೆ ಹೊರಟುಹೋಗುತ್ತದೆ. ನಮಗೆ ಬೇಕಾದದ್ದೂ ಅದೇ.

“ಹತ್ತಿ ಅಂದ್ರೆ ಬಿಂಕದವಳು ಕಣೆ,” ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. “ರೇಷ್ಮೆ, ಉಣ್ಣೆ ಕರೆದ ಕಡೆ ಬರ್ತವೆ. ಇವಳು ಬರಲ್ಲ. ಮೊದಲು ಮೈಮೇಲಿನ ಗಂಜಿ, ಎಣ್ಣೆಜಿಡ್ಡು ಎಲ್ಲಾ ಹೋಗೋ ಹಾಗೆ ಕುದಿಸಬೇಕು. ಆಮೇಲೆ ಅಳಲೆಕಾಯಿ ಒಗರು ಕುಡಿಸಬೇಕು. ಆ ಒಗರಿಗೆ ಪಟಿಕ ಕೂತ್ಕೊಳ್ಳತ್ತೆ, ಪಟಿಕಕ್ಕೆ ಕೆಂಪು. ನಡುವೆ ಒಬ್ಬರು ತಪ್ಪಿದ್ರೂ ಸಂಬಂಧ ಮುರೀತು ಅಂತಲೇ.”

“ನೀಲಿ?” ಎಂದಿದ್ದೆ ನಾನು.

“ನೀಲಿಗೆ ಯಾರ ಹಂಗೂ ಇಲ್ಲ. ಹುದುಗಿನ ಗಡಿಗೇಲಿ ಕರಗಿ, ಕಳ್ಳನ ಹಾಗೆ ನೂಲಿನ ಒಳಗೆ ನುಗ್ಗತ್ತೆ. ಹೊರಗೆ ತೆಗೆದಾಗ ಗಾಳಿ ಸೋಕಿದ್ದೇ ತಡ, ಅಲ್ಲೇ ಗಟ್ಟಿಯಾಗಿಬಿಡತ್ತೆ. ಮತ್ತೆ ನೀರಿಗೆ ಕರಗಲ್ಲ. ಅರಿಶಿನ ಮಾತ್ರ ಬಂದ ದಿನವೇ ಮನೆಮಂದಿಯನ್ನೆಲ್ಲ ತಬ್ಬಿಕೊಳ್ಳೋ ನೆಂಟ. ಬಿಸಿಲು ನೋಡಿದ ಕೂಡಲೇ ಚೀಲ ಎತ್ಕೊಂಡು ಹೊರಡ್ತಾನೆ.”

ಹೀಗೆ ಅತ್ತೆ ಎಲ್ಲವನ್ನೂ ನೆಂಟಸ್ತಿಕೆಯಲ್ಲೇ ಹೇಳುವವರು. ನಾನು ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರದಲ್ಲೂ ಇದೇ ಇತ್ತು, ಆದರೆ ಅಲ್ಲಿ ಯಾರೂ ಚೀಲ ಎತ್ತಿಕೊಂಡು ಹೊರಟಿರಲಿಲ್ಲ.

ಹೋದ ವರ್ಷ ಒಂದು ದೊಡ್ಡ ಹೋಟೆಲ್ಲಿಗೆ ನಮ್ಮ ಅಂಗಳದಿಂದ ದಿಂಬಿನ ಕವರುಗಳು ಹೋಗಿದ್ದವು. ಕೆಂಪು ಬಳ್ಳಿಯ ಅಚ್ಚು. ಮೊದಲ ಒಗೆತದಲ್ಲೇ ಕೆಂಪು ಬಿಟ್ಟು, ಜೊತೆಗಿದ್ದ ಬಿಳಿ ಟವೆಲ್ಲುಗಳಿಗೆಲ್ಲ ನಾಚಿಕೆ ಬಂದಂತಾಗಿತ್ತಂತೆ. ಹೋಟೆಲ್ಲಿನ ಲಾಂಡ್ರಿಯ ಮುಖ್ಯಸ್ಥರು ಫೋನು ಮಾಡಿ ಚಿಕ್ಕಪ್ಪನಿಗೆ ಹೇಳಿದ ಮಾತುಗಳನ್ನು ಚಿಕ್ಕಪ್ಪ ಮನೆಯಲ್ಲಿ ಪೂರ್ತಿ ಹೇಳಲಿಲ್ಲ. ಅಂದಿನಿಂದ ಅವರಿಗೆ ‘ಸೋಪಿನ ಸಾಹೇಬ’ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು.

ಆದರೆ ಹೋಟೆಲ್ಲಿನ ಮೇಡಂಗೆ, ಅಂದರೆ ಕೋಣೆಗಳ ಹಾಸಿಗೆ ಹೊದಿಕೆಗಳನ್ನೆಲ್ಲ ಆರಿಸುವವರಿಗೆ, ಆ ಕೆಂಪು ಮನಸ್ಸಿನಿಂದ ಹೋಗಲಿಲ್ಲ. ಇನ್ನೊಂದೇ ಒಂದು ಸಲ ನೋಡೋಣ, ಹಾಸಿಗೆ ಬಟ್ಟೆಯ ಒಂದು ಮಾದರಿ ಮಾಡಿ ಕೊಡಿ, ಲಾಂಡ್ರಿಯವರು ಒಪ್ಪಿದರೆ ಎಲ್ಲ ಕೋಣೆಗಳಿಗೂ ನಿಮ್ಮದೇ ಎಂದರು.

ಚಿಕ್ಕಪ್ಪ ಆ ರಾತ್ರಿಯ ಊಟದಲ್ಲಿ ತಟ್ಟೆ ನೋಡುತ್ತಲೇ ಹೇಳಿದರು, “ಅಕ್ಕಾ, ಇದೂ ಹೋದ್ರೆ ನಾನು ಆ ಕೆಮಿಕಲ್ ಡಬ್ಬಿ ಬಣ್ಣದೋರಿಗೆ ಹೂಂ ಅಂತೀನಿ. ಒಲೆ ಜಾಗದಲ್ಲಿ ಉದ್ದ ಮೇಜು ಹಾಕ್ಸೋದು, ಸ್ಕ್ರೀನ್ ಇಟ್ಟು ಬಣ್ಣ ಎಳೆಯೋದು. ಅವರು ಬಂದು ಅಳತೇನೂ ತಗೊಂಡು ಹೋಗಿದ್ದಾರೆ.”

ಅತ್ತೆ ಜಗಳವಾಡಲಿಲ್ಲ. “ಹೂಂ,” ಎಂದರು. ಆಮೇಲೆ ಹಂಡೆಗಳಿದ್ದ ಕಡೆಗೆ ತಿರುಗಿ ಕೂತರು. ಅವರಿಗೆ ಆಗ ಹಂಡೆ ಕಾಣುತ್ತಿತ್ತೋ ಇಲ್ಲವೋ. ಎರಡು ಕಣ್ಣಿಗೂ ಪೊರೆ ಬಂದಿತ್ತು.

ಮಾದರಿ ಬಟ್ಟೆಗೆ ಅಚ್ಚು ಹೊಡೆದು ಮುಗಿಯುವ ಹೊತ್ತಿಗೆ ಅತ್ತೆಯ ಮೊದಲ ಕಣ್ಣಿನ ಆಪರೇಷನ್ ಆಯಿತು. ಹೊಗೆ ಕೂಡದು, ಆವಿ ಕೂಡದು, ಬಗ್ಗಿ ಏನನ್ನೂ ಎತ್ತಕೂಡದು ಎಂದರು ಡಾಕ್ಟರು. ಅಂಗಳದಲ್ಲಿ ಈ ಮೂರನ್ನು ಬಿಟ್ಟರೆ ಮಾಡಲು ಬೇರೇನೂ ಇರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಕೋಣೆಯ ಕಿಟಕಿಯ ಬಳಿ ಕುರ್ಚಿ ಎಳೆಸಿಕೊಂಡು ಕೂತರು, ಅಲ್ಲಿಂದಲೇ ರಾಜ್ಯಭಾರ. “ಒಲೆ ಜೋರಾಯ್ತು, ಸೌದೆ ಎಳಿ,” ಎಂದು ಸದ್ದಿನಿಂದಲೇ ಕಂಡುಹಿಡಿಯುತ್ತಿದ್ದರು. ಆದರೆ ನೀರಿನ ಬಣ್ಣಕ್ಕೆ ಸದ್ದಿಲ್ಲ. ಅದನ್ನು ನೋಡುವ ಕೆಲಸ ನನ್ನ ಕಣ್ಣಿಗೆ ಬಂತು.

ಹೋದ ವರ್ಷದ ಕೆಂಪು ಯಾಕೆ ಬಿಟ್ಟಿತು ಎನ್ನುವುದು ಅತ್ತೆಯ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. “ಕುದಿಸಿದ್ದು ನಾನು. ಅಳಲೆ ನಂದು, ಪಟಿಕ ನಂದು, ಅಚ್ಚು ಒಣಗಿ ಹಣ್ಣಾಗಲಿ ಅಂತ ನೆರಳಲ್ಲಿ ತೂಗುಹಾಕಿದ್ದೂ ನಾನು. ತೊಳೆದ ದಿನ ಒಂದು ಮಾತ್ರ ಕಣ್ಣಿನ ಆಸ್ಪತ್ರೇಲಿ ಇದ್ದೆ. ತಮ್ಮ ತೊಳೆದ. ತೊಳೆದೆ ಅಂತಾನೆ.”

ಆ ಕವರುಗಳಲ್ಲಿ ಒಂದು ಕಪಾಟಿನ ತಳದಲ್ಲಿ ಉಳಿದಿತ್ತು. ಒಂದು ದಿನ ಅದನ್ನು ಬೆಳಕಿಗೆ ಹಿಡಿದೆ. ಎಲೆಗಳ ನಡುವೆ ಖಾಲಿ ಇರಬೇಕಾದ ಜಾಗದಲ್ಲೆಲ್ಲ ಕೆಂಪು ಮಬ್ಬು. ಒದ್ದೆ ಕರ್ಚೀಫಿನಿಂದ ಉಜ್ಜಿದರೆ ಕುಂಕುಮದಂಥ ಪುಡಿ ಬಂತು. ತಿರುಗಿಸಿ ನೋಡಿದರೆ ಹಿಂಬದಿ ಪೇಲವ. ಬಣ್ಣ ನೂಲಿನ ಒಳಗಿರಲಿಲ್ಲ, ಮೇಲೆ ಕೂತಿತ್ತು.

ಪರೀಕ್ಷೆ ಮಾಡೋಣವೆಂದು ಪಟಿಕದ ಅಚ್ಚು ಹೊಡೆದ ಎರಡು ತುಂಡು ತೆಗೆದುಕೊಂಡೆ. ಒಂದನ್ನು ಹರಿಯುವ ನೀರಿನಲ್ಲಿ ಬೀಟ್ರೂಟಿನ ಕೊನೆಯ ಗುಲಾಬಿಯೂ ಹೋಗಿ, ಆಮೇಲೂ ಸುಮಾರು ಹೊತ್ತು ಜಾಲಾಡಿದೆ. ಇನ್ನೊಂದನ್ನು ಸುಮ್ಮನೆ ಅದ್ದಿ ತೆಗೆದೆ. ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಅದೇ ಬೇರಿನ ರಸಕ್ಕೆ ಹಾಕಿದೆ. ಹೊರತೆಗೆದಾಗ ಆಶ್ಚರ್ಯವಾಯಿತು. ಸರಿಯಾಗಿ ತೊಳೆಯದ ತುಂಡೇ ಹೆಚ್ಚು ದಟ್ಟ, ಹೆಚ್ಚು ಕೆಂಪು. ಯಾರಾದರೂ ಅದನ್ನೇ ಆರಿಸುತ್ತಿದ್ದರು. ಸೋಪು ಹಾಕಿ ಒಗೆದ ಮೇಲೆ ಅದರ ಬಂಡವಾಳ ಬಯಲಾಯಿತು. ನೂಲಿಗೆ ಕೂರದೆ ಉಳಿದಿದ್ದ ಪಟಿಕ ತೊಳೆದು ಹೋಗಬೇಕಿತ್ತು, ಹೋಗಲಿಲ್ಲ; ಹಂಡೆಗೇ ಬಂದು, ಅಲ್ಲಿ ಕೆಂಪಿನ ಜೊತೆ ಸೇರಿ ಕೆಸರಾಗಿ, ಬಟ್ಟೆಯ ಮೇಲೆ ಧೂಳಿನ ಹಾಗೆ ಕೂತಿತ್ತು. ಚೆನ್ನಾಗಿ ತೊಳೆದ ತುಂಡು ಮಾತ್ರ ಸೋಪಿಗೆ ಜಗ್ಗಲಿಲ್ಲ.

ಎರಡನ್ನೂ ಅತ್ತೆಯ ಕೈಗೆ ಕೊಟ್ಟೆ. ಅವರು ಹೆಬ್ಬೆರಳಿನಿಂದ ಉಜ್ಜಿ, ಮೂಗಿಗೆ ಹಿಡಿದು, “ಅಯ್ಯೋ ಪಾಪಿ,” ಎಂದರು, ತಮ್ಮನನ್ನು ಕುರಿತು. “ಗುಲಾಬಿ ನೀರು ಬೀದಿಗೆ ಹೋಗೋದು ನೋಡಿ ಮಾನ ಹೋಯ್ತು ಅಂತ ಅರ್ಧಕ್ಕೇ ಎತ್ತಿದಾನೆ. ನೀನೇ ಹೇಳು ಅವನಿಗೆ. ನಾನು ಹೇಳಿದ್ರೆ ಅಕ್ಕ ಬೈದಳು ಅನ್ಕೋತಾನೆ, ಕೇಳಿಸ್ಕೊಳ್ಳಲ್ಲ.”

ನಾನು ಹೇಳಲಿಲ್ಲ. ಬೆಳಗಿನ ತಿಂಡಿಗೆ ಹೇಳೋಣ ಎಂದುಕೊಂಡೆ, ಅವರು ಫೋನಿನಲ್ಲಿದ್ದರು. ಸಂಜೆ ಹೇಳೋಣ ಎಂದುಕೊಂಡೆ, ಅವರು ಖುಷಿಯಲ್ಲಿದ್ದರು, ಕೆಡಿಸಲು ಮನಸ್ಸಾಗಲಿಲ್ಲ. ನನಗೆ ಮಾತು ಹೀಗೆಯೇ. ಮನಸ್ಸಿನಲ್ಲಿ ಪೂರ್ತಿ ತಯಾರಾಗಿರುತ್ತದೆ, ಬಾಯಿಯ ಹೊಸ್ತಿಲಿಗೆ ಬಂದು ಚಪ್ಪಲಿ ಹುಡುಕುತ್ತ ನಿಂತುಬಿಡುತ್ತದೆ. ತೊಳೆಯುವುದು ನಾನೇ ತಾನೇ, ಚೆನ್ನಾಗಿ ತೊಳೆದರಾಯಿತು, ಹೇಳುವ ಅಗತ್ಯವೇನು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಹೋಟೆಲ್ಲಿನವರು ಸಂಜೆ ಬರುತ್ತೇವೆಂದಿದ್ದರು. ಅಷ್ಟರಲ್ಲಿ ಬಟ್ಟೆ ಕೆಂಪಾಗಿ ಹಗ್ಗದ ಮೇಲಿರಬೇಕು ಎಂಬುದು ಚಿಕ್ಕಪ್ಪನ ಲೆಕ್ಕ. ಬೆಳಿಗ್ಗೆ ನಾನು ಕಲ್ಲಿನ ತೊಟ್ಟಿಗೆ ಪಂಪಿನ ನೀರು ಬಿಟ್ಟು, ಆ ಕಡೆಯ ತೂತಿನಿಂದ ಅದು ಮೋರಿಗೆ ಹೋಗುವುದನ್ನು ನೋಡಿ, ಬಟ್ಟೆಯ ಒಂದು ತುದಿ ಅದ್ದಿದೆ. ಗುಲಾಬಿ ಇಳಿಯತೊಡಗಿತು. ಚಿಕ್ಕಪ್ಪ ಅಗುಳಿ ಹಾಕಿ, ಗೋಣಿಚೀಲ ಇಳಿಬಿಟ್ಟು ಬಂದರು. ಅವರು ಕೈ ಒರೆಸಿಕೊಳ್ಳುವಷ್ಟರಲ್ಲಿ ಹೊರಗೆ ಕಾರು ನಿಂತಿತು.

ಗೋಣಿಚೀಲದ ಸಂದಿಯಿಂದ ಇಣುಕಿದ ಚಿಕ್ಕಪ್ಪನ ಮುಖ ಅಳಲೆ ಜಗಿದ ಹಾಗಾಯಿತು. ನನ್ನ ಬಳಿ ಓಡಿ ಬಂದು ಪಿಸುಗುಟ್ಟಿದರು, “ಬಂದೇಬಿಟ್ರು. ಸೋಪಿನ ಸಾಹೇಬಾನೂ ಬಂದಿದಾನೆ. ನೀರು ನಿಲ್ಸು. ಬಟ್ಟೆ ತೆಗೆದು ನೇರ ಹಂಡೆಗೆ ಹಾಕು.”

“ತೊಳೀಬೇಕು ಚಿಕ್ಕಪ್ಪ.”

“ಆಮೇಲೆ ತೊಳ್ಕೋ. ಹೋದ್ಸಲಾನೂ ಹೀಗೇ ಯಾರೋ ಬಂದ್ರು, ಸ್ವಲ್ಪ ಅದ್ದಿ ಹಂಡೆಗೆ ಹಾಕಿದ್ದೆ, ಎಷ್ಟು ಚೆನ್ನಾಗಿ ಬಂತು ಗೊತ್ತಾ ಕೆಂಪು!”

ಹೊರಗಿನಿಂದ ಗೇಟು ಬಡಿದರು. ಬಟ್ಟೆ ಹಂಡೆಗೆ ಹಾಕಿದರೆ ಬಂದವರು ಈಗ ಮೆಚ್ಚಿ ಹೋಗುತ್ತಾರೆ. ಮುಂದಿನ ವಾರ ಟವೆಲ್ಲುಗಳು ಗುಲಾಬಿಯಾಗುತ್ತವೆ. ಅದರ ಮುಂದಿನ ತಿಂಗಳು ಅತ್ತೆಯ ಒಲೆಯ ಜಾಗದಲ್ಲಿ ಮೇಜು ಬರುತ್ತದೆ. ತೊಳೆದರೆ, ತೊಳೆಯುವುದನ್ನು ನೋಡಿಯೇ ಅವರು ಹೊರಟುಹೋಗಬಹುದು.

ನಾನು ಬಟ್ಟೆಯನ್ನು ಇನ್ನಷ್ಟು ಆಳಕ್ಕೆ ಒತ್ತಿದೆ. “ಗೇಟು ತೆಗೀರಿ ಚಿಕ್ಕಪ್ಪ,” ಎಂದೆ. ದನಿ ನನ್ನದೇ ಎಂದು ನಂಬಲು ಒಂದು ಕ್ಷಣ ಬೇಕಾಯಿತು.

ಚಿಕ್ಕಪ್ಪನಿಗೂ ಅಷ್ಟೇ. ಹೋಗಿ ಗೇಟು ತೆಗೆದರು.

ಮೇಡಂ ಸೀರೆಯ ನೆರಿಗೆ ಎತ್ತಿಕೊಂಡು ಮೋರಿ ದಾಟಿದರು. ಹಿಂದಿನಿಂದ ಬಂದ ಲಾಂಡ್ರಿಯವರು ದಾಟಲಿಲ್ಲ. ಎತ್ತರದ ಮನುಷ್ಯ, ಅಂಗಿ ಎಷ್ಟು ಬಿಳಿಯೆಂದರೆ ಅಂಗಳದ ಗೋಡೆಯೇ ಕೊಳಕಾಗಿ ಕಂಡಿತು. ಮೋರಿಯಂಚಿಗೆ ನಿಂತು ಹರಿಯುತ್ತಿದ್ದ ನೀರನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಡಾಕ್ಟರು ಎಕ್ಸರೇ ನೋಡುವ ಹಾಗೆ ನೋಡಿದರು.

“ನೋಡಿದ್ರಲ್ಲ ಮೇಡಂ. ತಣ್ಣೀರಲ್ಲೇ ಹೀಗೆ. ನನ್ನ ಮಷಿನ್ನಲ್ಲಿ ಬಿಸಿನೀರು ಬರತ್ತೆ. ಹೋಗೋಣ.”

“ಅದು ಬೀಟ್ರೂಟು,” ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಮುಂದಿನ ಮಾತು ಹೊಸ್ತಿಲಲ್ಲೇ ನಿಂತಿತು.

“ಬೀಟ್ರೂಟಾ?” ಎಂದರು ಅವರು ನಿಧಾನವಾಗಿ. “ಬೀಟ್ರೂಟಲ್ಲಿ ಬಣ್ಣ ಹಾಕ್ತೀರಾ ನೀವು? ಏನಮ್ಮ, ಮಲಗೋ ಹಾಸಿಗೆಗೆ ಪಲ್ಯ ಬಳೀತೀರಾ?”

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡರು. ಮೇಡಂ ನೆರಿಗೆ ಎತ್ತಿಕೊಂಡೇ ನಿಂತಿದ್ದರು, ಬರಲೋ ಹೋಗಲೋ ಎಂಬಂತೆ. ಆಗ ಕಿಟಕಿಯಿಂದ ಅತ್ತೆಯ ದನಿ ಬಂತು.

“ಯಾಕೆ, ಸೋಪಿನ ಸಾಹೇಬ್ರು ನೀರು ನೋಡಿ ಹೆದರಿಕೊಂಡ್ರಾ?”

ಲಾಂಡ್ರಿಯವರು ಕಿಟಕಿ ನೋಡಿದರು, ಚಿಕ್ಕಪ್ಪನನ್ನು ನೋಡಿದರು.

“ಯಾರು ಸೋಪಿನ ಸಾಹೇಬ್ರು?”

“ಅದು, ನಮ್ಮಕ್ಕಂಗೆ ಕಣ್ಣಿನ ಆಪರೇಷನ್ ಆಗಿದೆ ಸಾರ್,” ಎಂದರು ಚಿಕ್ಕಪ್ಪ, ಅದಕ್ಕೂ ಇದಕ್ಕೂ ಸಂಬಂಧವಿದೆ ಎಂಬಂತೆ.

ಮೇಡಂ ನಗು ತಡೆಯಲು ತುಟಿ ಬಿಗಿಹಿಡಿದು ಬೇರೆ ಕಡೆ ನೋಡಿದರು. ಆ ನಗು ನನಗೆ ಧೈರ್ಯ ಕೊಟ್ಟಿತೋ, ಆಗಲೇ ಕೆಟ್ಟದ್ದೆಲ್ಲ ಆಗಿಹೋಗಿದೆ ಎಂಬ ಸಮಾಧಾನ ಕೊಟ್ಟಿತೋ ತಿಳಿಯದು. ಬಟ್ಟೆಯ ತುದಿಯನ್ನು ಲಾಂಡ್ರಿಯವರ ಕಡೆ ಚಾಚಿದೆ.

“ಸಾರ್, ನೀವೇ ತೊಳೀರಿ. ನಮ್ಮ ಕೈಗಿಂತ ನಿಮ್ಮ ಕೈ ಪಳಗಿರೋದು. ನೀರು ಪೂರ್ತಿ ತಿಳಿ ಆಗೋ ತನಕ ತೊಳೀರಿ. ಒಂದು ಕಡೆ ನಿಲ್ಲಿಸಬಾರದು, ಆಡಿಸ್ತಾ ಇರಬೇಕು. ಬಿಟ್ಟ ಪಟಿಕ ಖಾಲಿ ಜಾಗಕ್ಕೆ ಹೋಗಿ ಕೂರಬಾರದು, ಅದಕ್ಕೆ.”

“ನನಗೆ ಜಾಲಾಡೋದು ಹೇಳಿಕೊಡ್ತೀಯಾ?” ಎಂದರು. ಆದರೆ ಅಷ್ಟರಲ್ಲಿ ಮೋರಿ ದಾಟಿ ಬಂದು ತೋಳು ಮಡಚುತ್ತಿದ್ದರು.

ಅವರು ತೊಳೆದದ್ದನ್ನು ನಾನು ಎಂದಿಗೂ ಮರೆಯಲಾರೆ. ಬಟ್ಟೆಯನ್ನು ಹಿಂಡಲಿಲ್ಲ, ಬಡಿಯಲಿಲ್ಲ. ನೀರಿನ ಮೇಲೆ ಹಾಸಿ, ಅಡಿಯಿಂದ ಕೈ ಹಾಕಿ, ಅಲೆಯ ಹಾಗೆ ಎತ್ತಿ ಎತ್ತಿ ಬಿಟ್ಟರು. ಗುಲಾಬಿ ಮೊದಲು ಹಾಳೆಯಾಗಿ ಹೊರಟಿತು, ಆಮೇಲೆ ಎಳೆಯಾಯಿತು, ಆಮೇಲೆ ಇಲ್ಲವಾಯಿತು. ಗೋಂದಿನ ಜಿಗುಟು ಹೋಯಿತು. ನೀರು ತಿಳಿಯಾದ ಮೇಲೂ ಅವರು ನಿಲ್ಲಿಸಲಿಲ್ಲ, ಕೆಲಸದ ಮನುಷ್ಯ. ಕೊನೆಗೆ ಎತ್ತಿ ಹಿಡಿದರು. ಅಳಲೆಯ ತೆಳು ಬೆಣ್ಣೆಬಣ್ಣ ಬಿಟ್ಟರೆ ಬಟ್ಟೆಯ ಮೇಲೆ ಎಲೆಯೂ ಇಲ್ಲ, ಬಳ್ಳಿಯೂ ಇಲ್ಲ.

“ತಗೋಮ್ಮ. ಎಲ್ಲಾ ಹೋಯ್ತು. ಖಾಲಿ ಬಟ್ಟೆ.”

“ಖಾಲಿ ಅಂತ ನಿಮ್ಮ ಗುರುತು ಹಾಕಿ ಸಾರ್. ಆಮೇಲೆ ಬಟ್ಟೆ ಬದಲಾಯಿಸಿದ್ರು ಅನ್ನಬಾರದು.”

ಅವರು ಜೇಬಿನಿಂದ ಲಾಂಡ್ರಿಯ ಅಳಿಯದ ಮಸಿಯ ಪೆನ್ನು ತೆಗೆದು, ಮೂಲೆಯನ್ನು ಹಿಂಡಿ, ಟವೆಲ್ಲಿನಿಂದ ಒತ್ತಿ ಒಣಗಿಸಿ, ತಮ್ಮ ಗುರುತು ಹಾಕಿದರು. ಎರಡು ಗೆರೆ, ಒಂದು ಚುಕ್ಕೆ.

ಬೇರಿನ ಪುಡಿ ನೆನೆದಿದ್ದ ಹಂಡೆ ಉಗುರುಬೆಚ್ಚಗಿತ್ತು. ನಮ್ಮ ಬಾವಿಯ ನೀರು ಗಡಸು, ಬೇಳೆ ಬೇಯುವುದಿಲ್ಲವೆಂದು ಅಡುಗೆಮನೆ ಬೈದುಕೊಳ್ಳುವ ನೀರು. ಅದೇ ಸುಣ್ಣದ ಅಂಶ ಕೆಂಪಿಗೆ ಬೆಂಬಲ ಕೊಡುತ್ತದೆ. ಬಟ್ಟೆ ಇಳಿಸಿ ಕೋಲಿನಿಂದ ಆಡಿಸತೊಡಗಿದೆ. ಒಲೆ ಸಣ್ಣಗೆ. ಕುದಿ ಬಂದರೆ ಬೇರಿನಲ್ಲಿರುವ ಕಂದು ಬಣ್ಣವೂ ಇಳಿದು ಕೆಂಪು ಮಂಕಾಗುತ್ತದೆ.

ಚಿಕ್ಕಪ್ಪ ಚಹಾ ತಂದರು. ಲಾಂಡ್ರಿಯವರು ಕುಡಿಯದೆ ಹಂಡೆಯ ಪಕ್ಕ ನಿಂತರು. ಕಂದುಗೆಂಪು ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮೊದಲ ಸಲ ಎತ್ತಿದಾಗ ಬಟ್ಟೆ ಎಲ್ಲ ಕಡೆ ಒಂದೇ ಥರ ಕೊಳೆಯಾಗಿತ್ತು. ಚಿಕ್ಕಪ್ಪ ಎದ್ದು ಹೋಗಿ ಇನ್ನೊಂದು ಚಹಾ ಮಾಡಿಸಿದರು, ಯಾರೂ ಕೇಳದಿದ್ದರೂ.

“ಕಾಣ್ತಾ?” ಎಂದರು ಅತ್ತೆ ಕಿಟಕಿಯಿಂದ.

“ಇನ್ನೂ ಇಲ್ಲ.”

“ಕೆಂಪು ನಿಧಾನ. ಅದಕ್ಕೆ ಕಪ್ಪಿನ ಅವಸರ ಇಲ್ಲ. ಅಳಲೆ ಕುಡಿದ ಬಟ್ಟೆಗೆ ಕಬ್ಬಿಣದ ನೀರು ತಾಗಿಸಿದ್ರೆ ಅಲ್ಲೇ ಕಪ್ಪಾಗತ್ತೆ. ಕೆಂಪು ಹಾಗಲ್ಲ. ಯೋಚನೆ ಮಾಡಿ ಬರತ್ತೆ.”

ಆವಿ ದಪ್ಪವಾಯಿತು. ಎರಡನೆಯ ಸಲ ಕೋಲಿನಿಂದ ಎತ್ತಿದೆ. ಬಟ್ಟೆಯ ಮಡಿಕೆಯೊಂದು ಬಿಚ್ಚಿಕೊಂಡಿತು, ಅದರ ನಡುವೆ ಒಂದು ಎಲೆ. ಇಟ್ಟಿಗೆಯ ಧೂಳಿನಷ್ಟು ತೆಳು, ಆದರೆ ಅಂಚು ಗೆರೆ ಎಳೆದಂತೆ. ಪಕ್ಕದಲ್ಲಿ ಇನ್ನೊಂದು. ನಾನು ಮತ್ತೆ ಮುಳುಗಿಸಿದೆ. ಲಾಂಡ್ರಿಯವರು ಒಂದು ಹೆಜ್ಜೆ ಹತ್ತಿರ ಬಂದರು. ಮೂರನೆಯ ಸಲ ಎತ್ತುವಾಗ ಅವರೇ ಇನ್ನೊಂದು ಕೋಲು ತೆಗೆದುಕೊಂಡರು. ಇಬ್ಬರೂ ಎರಡು ಕಡೆಯಿಂದ ಎತ್ತಿದೆವು.

ಬಳ್ಳಿ ಪೂರ್ತಿ ಬಂದಿತ್ತು. ಅವರ ಕೈಯಾರೆ ತೊಳೆದು ಖಾಲಿ ಮಾಡಿದ ಬಟ್ಟೆಯ ಈ ತುದಿಯಿಂದ ಆ ತುದಿಯವರೆಗೆ, ಎಲೆಯ ಹಿಂದೆ ಎಲೆ, ಕೆಂಪು. ನೀರು ಸುರಿಯುತ್ತಿದ್ದಷ್ಟೂ ಇನ್ನೂ ಕೆಂಪು. ಮೂಲೆಯಲ್ಲಿ ಎರಡು ಗೆರೆ, ಒಂದು ಚುಕ್ಕೆ.

ಮೇಡಂ ಸೀರೆಯ ನೆರಿಗೆಯನ್ನು ಕೈಬಿಟ್ಟಿದ್ದರು. ಅದು ಮೋರಿಯ ನೀರಿಗೆ ತಾಗುತ್ತಿತ್ತು, ಅವರಿಗೆ ಗೊತ್ತಾಗಲಿಲ್ಲ.

“ಎಲ್ಲಿತ್ತು ಇದು?” ಎಂದರು ಲಾಂಡ್ರಿಯವರು, ಬಹಳ ಮೆಲ್ಲಗೆ.

“ಇಲ್ಲೇ ಇತ್ತು ಸಾರ್. ನೀವು ತೊಳೆದದ್ದು ಗುರುತಿಗೆ ಹಾಕಿದ್ದ ಬಣ್ಣ, ಮತ್ತೆ ನೂಲಿಗೆ ಅಂಟದ ಪಟಿಕ. ಅಂಟಿದ್ದು ನಿಮ್ಮ ಕೈಗೂ ಬರಲಿಲ್ಲ.”

ಅದೇ ಆ ದಿನ ನಾನು ಆಡುವ ಕೊನೆಯ ಮಾತು ಎಂದುಕೊಂಡಿದ್ದೆ. ಆದರೆ ಅವರು ಕಾರಿನಿಂದ ತಮ್ಮ ಸೋಪಿನ ಪುಡಿ ತರಿಸಿದರು, ಇನ್ನೂ ಮಾತಾಡಬೇಕಾಯಿತು. “ಮೊದಲ ನೀರು ಕೆಂಪಾಗತ್ತೆ. ಅಲ್ಲಲ್ಲಿ ಸುಮ್ಮನೆ ಮೆತ್ತಿಕೊಂಡಿರೋ ರಸ ಅದು, ಈಗಲೇ ಹೇಳಿಬಿಡ್ತೀನಿ. ಎರಡನೇದರಿಂದ ನೋಡಿ. ಆಮೇಲೆ ಬಿಳಿ ಮಾಡೋ ಪುಡಿ ಮಾತ್ರ ಹಾಕಬೇಡಿ, ಅದಕ್ಕೆ ಈ ಕೆಂಪು ತಡೆಯಲ್ಲ. ಹುಳಿಗೂ ತಡೆಯಲ್ಲ.”

“ಅಂದ್ರೆ ಇದಕ್ಕೂ ಸೋಲಿದೆ.”

“ಇದೆ ಸಾರ್. ಬರೀ ಸೋಪಿಗೆ ಇಲ್ಲ.”

ಬಿಸಿನೀರಿನ ಮೊದಲ ಬಕೆಟ್ಟು ಹೇಳಿದಂತೆಯೇ ಕೆಂಪಾಯಿತು. ಚಿಕ್ಕಪ್ಪ ಗೋಡೆಗೆ ಒರಗಿದರು. ಎರಡನೆಯದು ಮಬ್ಬು. ಆಮೇಲಿನದರಲ್ಲಿ ಬಕೆಟ್ಟಿನ ತಳದ ಗೀರು ಸಹ ಕಾಣುತ್ತಿತ್ತು. ಎಲೆಗಳ ನಡುವಿನ ಜಾಗ ಬಿಡಿಸಿಕೊಂಡು ಹೊರಬಂತು, ಕೆಂಪು ಇದ್ದಲ್ಲೇ ಇತ್ತು. ಅವರು ಹೊಸ ಬಿಳಿ ಟವೆಲ್ಲನ್ನು ಒದ್ದೆ ಮಾಡಿ ಒಂದು ಎಲೆಯ ಮೇಲೆ ಇಟ್ಟು, ತಮ್ಮ ಭಾರವನ್ನೆಲ್ಲ ಹಾಕಿ ಉಜ್ಜಿದರು. ಟವೆಲ್ಲನ್ನು ಬಿಸಿಲಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಮಡಚಿ ಹೆಗಲಿಗೆ ಹಾಕಿಕೊಂಡರು. ಅವರ ಬಿಳಿ ಅಂಗಿಯ ಮೇಲೆ ಆ ಟವೆಲ್ಲು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ.

“ಮತ್ತೆ ಹೋದ ವರ್ಷದ್ದು?” ಎಂದರು.

ನಾನು ಒಳಗೆ ಹೋಗಿ ಆ ಎರಡು ತುಂಡುಗಳನ್ನು ತಂದು ಕೊಟ್ಟೆ. ಹೇಳುವ ಮೊದಲೇ ಅವರು ಉಜ್ಜಿ, ಸರಿಯಾಗಿ ತೊಳೆಯದ ತುಂಡನ್ನು ಬೇರೆ ಇಟ್ಟರು. “ಇವನೇ ಕಳ್ಳ. ಇವನು ನೀರಿಗೆ ಹೋಗದೆ ಹಂಡೆಗೆ ಹೋಗಿದ್ದಾನೆ.”

ಚಿಕ್ಕಪ್ಪ ಆ ತುಂಡನ್ನು ತೆಗೆದುಕೊಂಡು ಬೆರಳಿಗಂಟಿದ ಪುಡಿಯನ್ನು ನೋಡಿದರು. ಕಿಟಕಿಯ ಕಡೆ ನೋಡಿದರು. ಅಲ್ಲಿ ಕಪ್ಪು ಕನ್ನಡಕ ಅವರನ್ನೇ ನೋಡುತ್ತಿತ್ತು.

“ಮಾನ ಹೋಗತ್ತೆ ಅಂತ ಬೇಗ ಎತ್ತಿದೆ ಅಕ್ಕಾ,” ಎಂದರು.

“ಗೊತ್ತು ಬಿಡೋ. ಮಾನ ಕೈಲಿ ಹಿಡ್ಕೊಂಡು ಬಣ್ಣ ಕೈಬಿಟ್ಟೆ. ಆ ಮೇಜಿನೋರಿಗೆ ಫೋನು ಮಾಡಿ ಅಳತೆ ವಾಪಸ್ ತಗೊಳ್ಳಕ್ಕೆ ಹೇಳು.”

ಮೇಡಂ ನಕ್ಕರು. ಎಲ್ಲ ಕೋಣೆಗಳ ಹಾಸಿಗೆಯೂ ಇದೇ ಬಳ್ಳಿ, ದಿಂಬಿಗೂ ಇದೇ ಎಂದರು. ಲಾಂಡ್ರಿಯವರು ಒಂದು ಷರತ್ತು ಹಾಕಿದರು. ಪ್ರತಿ ಸಲ ತೊಳೆಯುವ ದಿನ ತಮ್ಮನ್ನು ಕರೆಯಬೇಕು. ಜಾಲಾಡುವುದನ್ನು ನಮಗೆ ಸರಿಯಾಗಿ ಕಲಿಸಬೇಕಿದೆಯಂತೆ. ಹೊರಡುವಾಗ ಕಿಟಕಿಯ ಮುಂದೆ ನಿಂತು, “ಅಮ್ಮಾವ್ರೇ, ಸೋಪಿನ ಸಾಹೇಬ ಬರ್ತಾನೆ,” ಎಂದು ಕೈಮುಗಿದರು.

ಬಟ್ಟೆ ಅರ್ಧ ಒಣಗಿದಾಗ ಅತ್ತೆಯ ಮಡಿಲಿಗೆ ಹಾಕಿದೆ. ಅವರು ಬೆರಳಿನಿಂದ ಹುಡುಕಿದರು. ಒಳಗೆ ಹೋದ ಕೆಂಪು ಬೆರಳಿಗೆ ಸಿಗುವುದಿಲ್ಲ. ಕನ್ನಡಕವನ್ನು ಮೆಲ್ಲನೆ ಹಣೆಗೆ ಏರಿಸಿದರು. ಡಾಕ್ಟರು ಬೇಡವೆಂದಿದ್ದರು, ನಾನು ಬೇಡವೆನ್ನಲಿಲ್ಲ. ಹೊಸ ಕಣ್ಣಿನಿಂದ ಅವರು ಮೊದಲು ನೋಡಿದ್ದು ಅದನ್ನೇ.

“ಇಷ್ಟು ಕೆಂಪಾಗಿತ್ತೇನೆ ನಮ್ಮ ಕೆಂಪು?” ಎಂದರು. “ನಾನು ಇಷ್ಟು ವರ್ಷ ಪೊರೆಯೊಳಗಿಂದ ನೋಡ್ತಿದ್ದೆ.”

ಈಗ ಗುಲಾಬಿ ನೀರು ಹರಿಯುವ ದಿನ ಚಿಕ್ಕಪ್ಪ ಬೆಳಿಗ್ಗೆಯೇ ಗೇಟು ತೆಗೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ ಒತ್ತು ಕೊಡುತ್ತಾರೆ. ಮೋರಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೋಗುವವರು ಬಗ್ಗಿ ನೋಡಿ, “ಏನ್ರೀ, ನಿಮ್ಮ ಬಣ್ಣವೆಲ್ಲ ಹೋಗ್ತಿದೆ,” ಎಂದರೆ ಸಾಕು.

“ಹೋಗ್ಲಿ ಬನ್ನಿ, ಕೂತ್ಕೊಳ್ಳಿ,” ಎನ್ನುತ್ತಾರೆ. “ಉಳಿಯೋದು ಮಧ್ಯಾಹ್ನ ಬರತ್ತೆ. ತೋರಿಸ್ತೀನಿ.”